ಬಾಗಿಲ ಒಳಗಿನ ದನಿ, ಹೊರಗಿನ ದನಿ: ಇಪ್ಪತ್ತನಾಲ್ಕನೆಯ ಕೀರ್ತನೆಯನ್ನು ಸರದಿ ಓದಿಗೆ ಹಂಚುವ ಬಗೆ

ಆರಾಧನೆಯಲ್ಲಿ ಕೀರ್ತನೆಯನ್ನು ಸರದಿಯ ಮೇಲೆ ಓದುವಾಗ ಹೆಚ್ಚು ಕಡೆ ನಡೆಯುವ ರೂಢಿ ಸರಳವಾದದ್ದು. ಬೆಸ ಸಂಖ್ಯೆಯ ವಚನ ನಡೆಸುವವರಿಗೆ, ಸಮ ಸಂಖ್ಯೆಯದು ಸಭೆಗೆ. ಯಾರೂ ಮೊದಲೇ ಕೂತು ಏನನ್ನೂ ಸಿದ್ಧಮಾಡಬೇಕಿಲ್ಲ. ಪುಟದ ಅಂಚಿನಲ್ಲಿರುವ ಅಂಕಿಯೇ ದಾರಿ ತೋರಿಸುತ್ತದೆ. ಎಷ್ಟೋ ಕೀರ್ತನೆಗಳಿಗೆ ಇದರಿಂದ ದೊಡ್ಡ ತೊಂದರೆಯೂ ಆಗುವುದಿಲ್ಲ. ಆದರೆ ಕೆಲವು ಕೀರ್ತನೆಗಳಲ್ಲಿ ಮಾತನಾಡುವವರು ಒಬ್ಬರಿಗಿಂತ ಹೆಚ್ಚು. ಅಲ್ಲಿ ಅಂಕಿಯ ಸರದಿ ಒಂದು ಕಡೆಗೆ ಎಳೆದರೆ ಪಠ್ಯದೊಳಗಿನ ಸರದಿ ಇನ್ನೊಂದು ಕಡೆಗೆ ಎಳೆಯುತ್ತದೆ. ಹತ್ತೇ ವಚನಗಳ ಇಪ್ಪತ್ತನಾಲ್ಕನೆಯ ಕೀರ್ತನೆ ಅಂಥದ್ದು. ಅದನ್ನು ಯಾವ ಆಧಾರದ ಮೇಲೆ ಹಂಚಬೇಕು, ಕನ್ನಡದಲ್ಲಿ ಹಂಚುವಾಗ ಕನ್ನಡಕ್ಕೇ ಮೀಸಲಾದ ಯಾವ ತೊಡಕು ಎದುರಾಗುತ್ತದೆ ಎಂಬುದನ್ನು ನೋಡುವುದು ಈ ಟಿಪ್ಪಣಿಯ ಉದ್ದೇಶ.

ಅಂಕಿಗಳ ಬಗ್ಗೆ ಮೊದಲು ಒಂದು ಮಾತು. ವಚನ ಎಲ್ಲಿ ಮುಗಿಯುತ್ತದೆ ಎಂಬ ಗುರುತು ಹೀಬ್ರೂ ಪಠ್ಯಪರಂಪರೆಯಲ್ಲಿ ಹಳೆಯದು. ಮಸೊರೆಟ್ ಪಂಡಿತರು ಅದನ್ನು ಬರಹದಲ್ಲಿ ಖಚಿತಗೊಳಿಸಿದರು. ಆದರೆ ಈಗ ನಾವು ಕಾಣುವ ಅಂಕಿಗಳು ಬೈಬಲಿನಲ್ಲಿ ನೆಲೆಯೂರಿದ್ದು 16ನೆಯ ಶತಮಾನದ ಮುದ್ರಣದೊಂದಿಗೆ. ಅವುಗಳ ಕೆಲಸ ಹುಡುಕುವವರಿಗೆ ಜಾಗ ತೋರಿಸುವುದು. ಯಾರು ಮಾತನಾಡುತ್ತಿದ್ದಾರೆ ಎಂಬ ಪ್ರಶ್ನೆಗೂ ಅವಕ್ಕೂ ಸಂಬಂಧವಿಲ್ಲ. ಒಂದೇ ವಚನದಲ್ಲಿ ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವುದುಂಟು. ಒಬ್ಬರ ಉತ್ತರ ಎರಡು ವಚನಗಳ ಉದ್ದಕ್ಕೆ ಹರಿಯುವುದೂ ಉಂಟು. ಇಪ್ಪತ್ತನಾಲ್ಕನೆಯ ಕೀರ್ತನೆಯಲ್ಲಿ ಇವೆರಡೂ ಇವೆ.

ಸರದಿ ಓದು ಮುದ್ರಣಕ್ಕಿಂತ ಬಹಳ ಹಿಂದಿನದು. ಅದರ ಬಗೆಗಳನ್ನು ಹಿಂದಿನವರೇ ಬೇರೆಬೇರೆಯಾಗಿ ಗುರುತಿಸಿದ್ದರು. ಬಾಬಿಲೋನಿನ ತಾಲ್ಮೂದಿನ ಸೋಟಾ ಎಂಬ ಭಾಗದಲ್ಲಿ (30ನೆಯ ಹಾಳೆಯ ಹಿಂಬದಿ) ಒಂದು ಚರ್ಚೆ ಬರುತ್ತದೆ: ಕೆಂಪು ಸಮುದ್ರ ದಾಟಿದ ಮೇಲೆ ಮೋಶೆ ಹಾಡಿದಾಗ ಜನ ಅವನೊಂದಿಗೆ ಹೇಗೆ ಹಾಡಿದರು? ರಬ್ಬಿ ಅಕೀವನ ಪ್ರಕಾರ, ವಯಸ್ಕನೊಬ್ಬ ಹಲ್ಲೇಲ್ ಕೀರ್ತನೆಗಳನ್ನು ಓದುವಾಗ ಕೇಳುವವರು ಪ್ರತಿ ಸಾಲಿಗೂ ಆರಂಭದ ಸೊಲ್ಲನ್ನೇ ತಿರುಗಿ ಹೇಳುವಂತೆ. ಯೋಸೆಯ ಮಗ ಎಲಿಯೇಜರನ ಪ್ರಕಾರ, ಹುಡುಗನೊಬ್ಬ ಓದುವಾಗ ಅವನು ಹೇಳಿದ್ದನ್ನೆಲ್ಲ ಉಳಿದವರು ಹಾಗೇ ಹೇಳುವಂತೆ. ನೆಹೆಮ್ಯನ ಪ್ರಕಾರ, ಸಭಾಮಂದಿರದಲ್ಲಿ ಒಬ್ಬ ಆರಂಭಿಸಿಕೊಟ್ಟು ಉಳಿದವರು ಅವನ ಬೆನ್ನಿಗೆ ಮುಂದುವರಿಸುವಂತೆ. ಪಲ್ಲವಿ, ಮರುನುಡಿ, ಮುಂದುವರಿಕೆ ಎಂಬ ಮೂರು ಬಗೆಗಳು ಇಲ್ಲಿ ಸ್ಪಷ್ಟವಾಗಿವೆ. ಕನ್ನಡ ನಾಡಿನ ಕಿವಿಗೆ ಇವು ಹೊಸವಲ್ಲ. ಮಾದೇಶ್ವರನ ಕಥೆ ಹಾಡುವ ಮುಮ್ಮೇಳಕ್ಕೆ ಹಿಮ್ಮೇಳ ಸೊಲ್ಲು ಕೊಡುವುದು ಮೊದಲನೆಯ ಬಗೆ. ಭಜನೆಯಲ್ಲಿ ಒಬ್ಬರು ಹೇಳಿಕೊಟ್ಟ ಸಾಲನ್ನು ಎಲ್ಲರೂ ಮತ್ತೆ ಹಾಡುವುದು ಎರಡನೆಯದು. ಚರ್ಚುಗಳಲ್ಲಿ ನಾವು ‘ರೆಸ್ಪಾನ್ಸಿವ್ ರೀಡಿಂಗ್’ ಎನ್ನುವುದು ಹೆಚ್ಚುಕಡಿಮೆ ಮೂರನೆಯದು. ಈ ಮೂರನೆಯದರಲ್ಲಿ ಸಭೆ ಹೇಳುವ ಸಾಲು ಪ್ರತಿ ಸಲವೂ ಹೊಸದು. ಅದು ಮೊದಲಿನ ಸಾಲಿನ ಪುನರುಕ್ತಿಯಲ್ಲ. ಕಷ್ಟ ಬರುವುದೂ ಅಲ್ಲಿಯೇ.

ಪಲ್ಲವಿಯ ಬಗೆ ಎಲ್ಲಕ್ಕಿಂತ ಸುಲಭ ಎನ್ನುವುದಕ್ಕೆ ಎರಡು ಹಳೆಯ ಸಾಕ್ಷ್ಯಗಳಿವೆ. 1956ರಲ್ಲಿ ಕುಮ್ರಾನಿನ ಹನ್ನೊಂದನೆಯ ಗವಿಯಲ್ಲಿ ಸಿಕ್ಕಿ, 1965ರಲ್ಲಿ ಜೆ. ಎ. ಸ್ಯಾಂಡರ್ಸ್ ಪ್ರಕಟಿಸಿದ ಕೀರ್ತನೆಗಳ ಸುರುಳಿಯಲ್ಲಿ 145ನೆಯ ಕೀರ್ತನೆ ನಮಗೆ ಪರಿಚಿತವಾದ ರೂಪದಲ್ಲಿಲ್ಲ. ಪ್ರತಿ ವಚನದ ಬಳಿಕವೂ ದೇವರನ್ನೂ ಆತನ ನಾಮವನ್ನೂ ಎಂದೆಂದಿಗೂ ಸ್ತುತಿಸುವ ಒಂದೇ ಸಾಲು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಮಸೊರೆಟ್ ಪಠ್ಯದಲ್ಲಿ ಈ ಸಾಲಿಲ್ಲ. ಯಾರೋ ಒಬ್ಬರು ಅಕ್ಷರಮಾಲೆಯ ಕ್ರಮದಲ್ಲಿರುವ ಆ ಸ್ತುತಿಗೀತೆಯನ್ನು ಗುಂಪಿನ ಬಾಯಿಗೆ ಒಗ್ಗುವಂತೆ ಮಾಡಿಕೊಂಡಿದ್ದಾರೆ ಎನ್ನುವುದು ಬಲವಾದ ಊಹೆ. ಅವರು ಮೂಲದ ಒಂದು ಪದವನ್ನೂ ಕತ್ತರಿಸದೆ ಸಭೆಯ ಸಾಲನ್ನು ಹೊರಗಿನಿಂದ ಸೇರಿಸಿದರು. ಪಲ್ಲವಿಯ ದೊಡ್ಡ ಅನುಕೂಲ ಇದೇ. ಪಠ್ಯವನ್ನು ಒಡೆಯಬೇಕಾಗುವುದಿಲ್ಲ, ಜನರ ಕೈಯಲ್ಲಿ ಹಾಳೆಯೂ ಬೇಕಾಗುವುದಿಲ್ಲ.

ಎರಡನೆಯದು ಅಲೆಕ್ಸಾಂಡ್ರಿಯದ ಬಿಷಪ್ ಅಥನೇಸಿಯಸ್ ತಾನೇ ಬರೆದಿಟ್ಟದ್ದು. 356ರ ಫೆಬ್ರವರಿಯ ಒಂದು ರಾತ್ರಿ ಜಾಗರಣೆಯ ಆರಾಧನೆ ನಡೆಯುತ್ತಿದ್ದಾಗ ಸೈನಿಕರು ಚರ್ಚನ್ನು ಸುತ್ತುವರಿದರು. ಆತ ಪೀಠದಿಂದ ಏಳದೆ, ಒಂದು ಕೀರ್ತನೆಯನ್ನು ಓದುವಂತೆ ಡೀಕನ್‌ಗೆ ಹೇಳಿದ. ದೇವರ ಕರುಣೆ ಶಾಶ್ವತ ಎಂಬ ಪಲ್ಲವಿಯನ್ನು ಜನ ಹೇಳಬೇಕಿತ್ತು. ಅದು 136ನೆಯ ಕೀರ್ತನೆ. ಅದರ 26 ವಚನಗಳಲ್ಲೂ ಎರಡನೆಯ ಅರ್ಧ ಒಂದೇ. ಗಲಾಟೆಯ ನಡುವೆ, ಅರೆಬೆಳಕಿನಲ್ಲಿ, ಓದು ಬಾರದವರೂ ಇದ್ದ ಗುಂಪಿನಲ್ಲಿ ನಡೆಯಬಹುದಾದ ಸರದಿ ಓದು ಅದೊಂದೇ. ಅಂಥ ಹೊತ್ತಿನಲ್ಲಿ ಬೇರೆ ಕೀರ್ತನೆಯನ್ನು ಆರಿಸಿದ್ದರೆ ಡೀಕನ್ ಒಬ್ಬನೇ ಓದಬೇಕಾಗುತ್ತಿತ್ತು.

ಇಪ್ಪತ್ತನಾಲ್ಕಕ್ಕೆ ಅಂಥ ಪಲ್ಲವಿಯಿಲ್ಲ. ಅದರಲ್ಲಿರುವುದು ಸಂಭಾಷಣೆ. ಅದರ ಒಡಲು ಮೂರು ತುಂಡು. ಮೊದಲ ಎರಡು ವಚನಗಳಲ್ಲಿ ಭೂಮಿಯೂ ಅದರಲ್ಲಿರುವುದೆಲ್ಲವೂ ದೇವರದೆಂಬ ಘೋಷಣೆಯಿದೆ, ನೀರಿನ ಮೇಲೆ ಅದನ್ನು ನೆಲೆಗೊಳಿಸಿದವನು ಆತನೇ ಎಂಬ ಕಾರಣವೂ ಇದೆ. ಮೂರನೆಯ ವಚನದಲ್ಲಿ, ಆತನ ಬೆಟ್ಟವನ್ನು ಹತ್ತುವವರು ಯಾರು, ಪವಿತ್ರ ಸ್ಥಳದಲ್ಲಿ ನಿಲ್ಲುವವರು ಯಾರು ಎಂಬ ಜೋಡಿ ಪ್ರಶ್ನೆ. ನಾಲ್ಕು ಮತ್ತು ಐದು ಅದಕ್ಕೆ ಉತ್ತರ: ಕೈ ಶುದ್ಧವಾದವರು, ಮನಸ್ಸು ನಿರ್ಮಲವಾದವರು, ಸುಳ್ಳಿಗೆ ಮನಸೋಲದವರು, ಮೋಸದ ಆಣೆ ಇಡದವರು, ಅವರಿಗೆ ದೇವರ ಆಶೀರ್ವಾದ ದೊರೆಯುತ್ತದೆ. ಆರನೆಯದು ಅಂಥವರ ಪೀಳಿಗೆಯನ್ನು ಬೆರಳಿಟ್ಟು ತೋರಿಸುತ್ತದೆ. ಅಲ್ಲಿ ‘ಸೆಲಾ’ ಎಂಬ ಗುರುತು. ಏಳರಿಂದ ಹತ್ತರವರೆಗೆ ದೃಶ್ಯವೇ ಬೇರೆ: ಬಾಗಿಲುಗಳಿಗೆ ತಲೆಯೆತ್ತುವಂತೆ ಆಜ್ಞೆ, ಒಳಗೆ ಬರಲಿರುವ ಮಹಿಮೆಯ ಅರಸ ಯಾರೆಂಬ ಪ್ರಶ್ನೆ, ಅದಕ್ಕೆ ಉತ್ತರ. ಈ ಆಜ್ಞೆ, ಪ್ರಶ್ನೆ, ಉತ್ತರಗಳೇ ಇನ್ನೊಂದು ಸುತ್ತು ಬರುತ್ತವೆ.

ಮೂರನೆಯ ವಚನದ ಪ್ರಶ್ನೆಯನ್ನು ಯಾರು ಕೇಳುತ್ತಾರೆ? ಹರ್ಮನ್ ಗುಂಕೆಲ್ ಮತ್ತು ಅವರ ಹಾದಿಯ ವಿದ್ವಾಂಸರು ಇದನ್ನು ದೇವಾಲಯದ ಪ್ರವೇಶಕ್ಕೆ ಸಂಬಂಧಿಸಿದ ವಿಧಿಯ ಜಾಡೆಂದು ಓದಿದರು. ಬೆಟ್ಟದ ಬುಡಕ್ಕೆ ಬಂದ ಯಾತ್ರಿಕರು ಕೇಳುತ್ತಾರೆ, ಒಳಗಿನಿಂದ ಯಾಜಕ ಪ್ರವೇಶದ ನಿಬಂಧನೆಗಳನ್ನು ಹೇಳುತ್ತಾನೆ. ಹದಿನೈದನೆಯ ಕೀರ್ತನೆಯಲ್ಲೂ ಇದೇ ಕಟ್ಟು. ಹೀಗೆಯೇ ನಡೆಯಿತೆಂದು ಸಾಧಿಸಿ ತೋರಿಸಲು ಆಗದು; ವಿಧಿಯ ವಿವರ ಎಲ್ಲೂ ಬರೆದಿಟ್ಟಿಲ್ಲ. ಎರಡನೆಯ ದೇವಾಲಯದ ಕಾಲಕ್ಕೆ ಈ ಕೀರ್ತನೆ ವಾರದ ಮೊದಲ ದಿನ ಲೇವಿಯರು ಹಾಡುವ ಕೀರ್ತನೆಯಾಗಿತ್ತು ಎಂದು ಮಿಷ್ನದ ತಾಮಿದ್ ಭಾಗದ ಕೊನೆಯಲ್ಲಿದೆ. ಗ್ರೀಕ್ ಅನುವಾದದ ತಲೆಬರಹವೂ ಅದನ್ನೇ ಹೇಳುತ್ತದೆ. ಅಲ್ಲಿ ಹಾಡುವವರು ಲೇವಿಯರೇ, ಜನರ ಪಾಲಿನ ಮಾತಿಲ್ಲ. ಆದರೂ ಪ್ರಶ್ನೆ ಹೊರಗಿನವರದು, ಉತ್ತರ ಒಳಗಿನವರದು ಎಂಬ ಓದು ಪಠ್ಯದ ಮಾತಿಗೆ ಹೊಂದುತ್ತದೆ. ಅರ್ಹತೆಯ ಬಗ್ಗೆ ಕೇಳಬೇಕಾದವರು ಒಳಗೆ ಹೋಗಬೇಕಾದವರೇ.

ಏಳನೆಯ ವಚನಕ್ಕೆ ಬರುವಾಗ ಜಾಗಗಳು ಅದಲುಬದಲಾಗುತ್ತವೆ. ಈಗ ಹೊರಗಿನವರು ಕೇಳುವವರಲ್ಲ, ಆಜ್ಞಾಪಿಸುವವರು. ಮೆರವಣಿಗೆ ಬಾಗಿಲ ಮುಂದೆ ನಿಂತು ತೆರೆಯಿರಿ ಎನ್ನುತ್ತಿದೆ. ಬರುತ್ತಿರುವವರು ಯಾರೆಂದು ಕೇಳುವುದು ಒಳಗಿನ ದ್ವಾರಪಾಲಕನ ಕೆಲಸ. ಉತ್ತರ ಮತ್ತೆ ಹೊರಗಿನದು. ಪಶ್ಚಿಮದ ಚರ್ಚಿನವರು ಮಧ್ಯಯುಗದಲ್ಲಿ ಈ ಭಾಗವನ್ನು ಹೀಗೆಯೇ ಅರ್ಥಮಾಡಿಕೊಂಡಿದ್ದರು ಎನ್ನುವುದಕ್ಕೆ ಚರ್ಚ್ ಪ್ರತಿಷ್ಠೆಯ ವಿಧಿ ಸಾಕ್ಷಿ. ಬಿಷಪ್ ಮುಚ್ಚಿದ ಬಾಗಿಲನ್ನು ತನ್ನ ದಂಡದಿಂದ ತಟ್ಟಿ ಏಳನೆಯ ವಚನವನ್ನು ಹೇಳುತ್ತಾನೆ, ಒಳಗೆ ನಿಂತ ಡೀಕನ್ ಎಂಟನೆಯದರ ಪ್ರಶ್ನೆಯನ್ನು ಕೇಳುತ್ತಾನೆ. 1742ರಲ್ಲಿ ಡಬ್ಲಿನ್‌ನಲ್ಲಿ ಮೊದಲು ಹಾಡಿಸಿದ ‘ಮೆಸ್ಸಾಯ’ದಲ್ಲಿ ಹ್ಯಾಂಡೆಲ್ ಕೂಡ ಈ ವಚನಗಳನ್ನು ಮೇಲುದನಿ ಮತ್ತು ಕೆಳದನಿಗಳ ಎರಡು ಗುಂಪಿಗೆ ಹಂಚಿ ಪ್ರಶ್ನೆ ಕೇಳಿಸಿ ಉತ್ತರ ಹೇಳಿಸಿದ್ದಾನೆ. ಸಂಗೀತಗಾರನಿಗೆ ಅಂಕಿ ಕಾಣಲಿಲ್ಲ, ದನಿ ಕೇಳಿಸಿತು.

ಈಗ ಬೆಸ-ಸಮ ಹಂಚಿಕೆಯನ್ನು ಈ ಪಠ್ಯದ ಮೇಲೆ ಇಟ್ಟು ನೋಡಿ. ಮೂರನೆಯ ವಚನದ ಪ್ರಶ್ನೆ ನಡೆಸುವವರಿಗೆ ಹೋಗುತ್ತದೆ. ನಾಲ್ಕನೆಯದು, ಅಂದರೆ ಉತ್ತರದ ಮೊದಲ ಭಾಗ, ಸಭೆಗೆ. ಐದನೆಯದು, ಅದೇ ಉತ್ತರದ ಉಳಿದ ಭಾಗ, ಮತ್ತೆ ನಡೆಸುವವರಿಗೆ. ಒಬ್ಬರು ಕೊಟ್ಟ ಉತ್ತರವನ್ನು ಪ್ರಶ್ನೆ ಕೇಳಿದವರೇ ಮುಗಿಸಿದಂತಾಯಿತು. ಎಂಟನೆಯ ವಚನ ಇಡಿಯಾಗಿ ಸಭೆಯದು. ಹಾಗಾಗಿ ಸಭೆ ಅರಸ ಯಾರೆಂದು ಕೇಳಿ, ಉಸಿರು ಬಿಡುವಷ್ಟರಲ್ಲಿ ತಾನೇ ಉತ್ತರವನ್ನೂ ಹೇಳಿಬಿಡುತ್ತದೆ. ಹತ್ತರಲ್ಲೂ ಅದೇ ಕತೆ. ಪ್ರಶ್ನೆಗೆ ಉತ್ತರ ಗೊತ್ತಿಲ್ಲದವರು ಯಾರೂ ಅಲ್ಲಿಲ್ಲ, ಹೀಗಾಗಿ ಅದು ಪ್ರಶ್ನೆಯಾಗಿಯೇ ಉಳಿಯುವುದಿಲ್ಲ. ಓದುವವರಿಗೆ ಇದು ತಪ್ಪೆಂದು ಎದ್ದು ಕಾಣದಿರಬಹುದು. ಆದರೆ ಕೇಳಿದರೆ ಗೊತ್ತಾಗುತ್ತದೆ: ಎಂಟನೆಯ ವಚನದ ನಡುವೆ ಸಭೆಯ ದನಿ ಏರಿಳಿಯದೆ ಒಂದೇ ಸಮನೆ ಸಾಗುತ್ತದೆ, ಪ್ರಶ್ನೆಯ ಕೊನೆಯಲ್ಲಿ ನಿಲುಗಡೆ ಸಿಗುವುದಿಲ್ಲ.

ಇದಕ್ಕೆ ಬದಲಾಗಿ ಪ್ರತಿ ವಚನವನ್ನೂ ನಡುವೆ ಒಡೆದು, ಮೊದಲರ್ಧ ನಡೆಸುವವರಿಗೆ, ಎರಡನೆಯರ್ಧ ಸಭೆಗೆ ಕೊಡುವ ಪದ್ಧತಿಯಿದೆ. ಆಂಗ್ಲಿಕನ್ ಪ್ರಾರ್ಥನಾಪುಸ್ತಕದಲ್ಲಿ ಕೀರ್ತನೆಗಳ ಪ್ರತಿ ವಚನದ ನಡುವೆಯೂ ಅಚ್ಚಾದ ವಿರಾಮಚಿಹ್ನೆ ಈ ಅರ್ಧವನ್ನು ಗುರುತಿಸುತ್ತದೆ. ಹೀಬ್ರೂ ಕಾವ್ಯದ ಸ್ವಭಾವ ಇದಕ್ಕೆ ಇಂಬುಕೊಡುತ್ತದೆ. ಆಕ್ಸ್‌ಫರ್ಡಿನ ರಾಬರ್ಟ್ ಲೋತ್ 1753ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ವಿವರಿಸಿದಂತೆ, ಅಲ್ಲಿ ಸಾಲುಗಳು ಜೋಡಿಯಾಗಿ ಬರುತ್ತವೆ. ಎರಡನೆಯದು ಮೊದಲನೆಯದನ್ನು ಬೇರೆ ಮಾತಿನಲ್ಲಿ ಹೇಳುತ್ತದೆ, ಎದುರಿಡುತ್ತದೆ ಅಥವಾ ಮುಂದೆ ಒಯ್ಯುತ್ತದೆ. ನಮ್ಮ ಕೀರ್ತನೆಯ ಎಂಟು ಮತ್ತು ಹತ್ತನೆಯ ವಚನಗಳಿಗೆ ಅರ್ಧದ ಹಂಚಿಕೆ ಚೆನ್ನಾಗಿಯೇ ಕೂಡುತ್ತದೆ. ಮೊದಲ ತುಂಡು ಪ್ರಶ್ನೆ, ಉಳಿದದ್ದು ಉತ್ತರ. ಆದರೆ ಅದೇ ಹಂಚಿಕೆ ಏಳನೆಯದರಲ್ಲಿ ಒಂದೇ ಆಜ್ಞೆಯನ್ನು ಇಬ್ಬರ ಬಾಯಿಗೆ ಒಡೆದು ಹಾಕುತ್ತದೆ, ನಾಲ್ಕನೆಯದರಲ್ಲಿ ಅರ್ಹತೆಗಳ ಪಟ್ಟಿಯನ್ನು ಚೂರು ಮಾಡುತ್ತದೆ.

ಕನ್ನಡದಲ್ಲಿ ಇದರ ಮೇಲೆ ಇನ್ನೊಂದು ತೊಡಕು ಸೇರುತ್ತದೆ. ಇದು ಮೊದಲನೆಯ ವಚನದಲ್ಲೇ ಸಿಗುತ್ತದೆ. ಹೀಬ್ರೂವಿನಲ್ಲಿ ‘ದೇವರಿಗೆ ಸೇರಿದ್ದು’ ಎಂಬರ್ಥದ ಮಾತು ವಾಕ್ಯದ ತಲೆಯಲ್ಲೇ ಬಂದುಬಿಡುತ್ತದೆ. ಬಳಿಕ ಭೂಮಿ ಮತ್ತು ಅದರಲ್ಲಿರುವುದೆಲ್ಲ. ಅಷ್ಟಕ್ಕೆ ಮೊದಲರ್ಧ ಮುಗಿಯಿತು. ಎರಡನೆಯರ್ಧದಲ್ಲಿ ಲೋಕ ಮತ್ತು ಅದರ ನಿವಾಸಿಗಳು ಮಾತ್ರ ಇದ್ದಾರೆ. ಅವರು ಯಾರಿಗೆ ಸೇರಿದವರು ಎಂಬುದನ್ನು ಕೇಳುವವರು ಮೊದಲರ್ಧದಿಂದ ತಂದುಕೊಳ್ಳುತ್ತಾರೆ. ಹೀಗಾಗಿ ಅಲ್ಲಿ ಮೊದಲರ್ಧ ತನ್ನಷ್ಟಕ್ಕೆ ಪೂರ್ಣ, ಎರಡನೆಯದು ಅದಕ್ಕೆ ಒರಗಿ ನಿಂತದ್ದು. ಕನ್ನಡದ ವಾಕ್ಯದಲ್ಲಿ ಹೇಳಬೇಕಾದ ಮುಖ್ಯ ಮಾತು ಕೊನೆಗೆ ಹೋಗುತ್ತದೆ. ಅನುವಾದಕರು ಎರಡು ಅರ್ಧಗಳನ್ನೂ ಒಂದೇ ವಾಕ್ಯದಲ್ಲಿ ಹೆಣೆದರೆ ಭೂಮಿ, ಅದರಲ್ಲಿರುವುದು, ಲೋಕ, ಅದರ ನಿವಾಸಿಗಳು ಎಲ್ಲವೂ ಮೊದಲು ಬಂದು, ಅವು ಯಾರವು ಎಂಬುದು ಕಟ್ಟಕಡೆಗೆ ತಿಳಿಯುತ್ತದೆ. ಈಗ ನಡುವೆ ಕತ್ತರಿಸಿದರೆ ನಡೆಸುವವರ ಪಾಲಿಗೆ ಬರುವುದು ಬರಿಯ ಹೆಸರುಗಳ ಸಾಲು. ಆ ಸಾಲು ಏನನ್ನೂ ಹೇಳುವುದಿಲ್ಲ. ಘೋಷಣೆಯ ಭಾರವೆಲ್ಲ ಸಭೆಯ ಅರ್ಧದಲ್ಲಿ ಕೂತುಬಿಡುತ್ತದೆ.

ಎರಡನೆಯ ವಚನದಲ್ಲಿ ಇದೇ ತೊಡಕಿನ ಇನ್ನೊಂದು ರೂಪವಿದೆ. ಮೂಲದಲ್ಲಿ ಎರಡು ಸ್ವತಂತ್ರ ಕ್ರಿಯೆಗಳಿವೆ: ಅಸ್ತಿವಾರ ಹಾಕಿದ್ದು, ಸ್ಥಾಪಿಸಿದ್ದು. ಕನ್ನಡದಲ್ಲಿ ಎರಡು ಕ್ರಿಯೆಗಳನ್ನು ಜೋಡಿಸುವ ಸಹಜ ದಾರಿ ಮೊದಲನೆಯದನ್ನು ‘ಹಾಕಿ’ ಎಂದು ಅರ್ಧಕ್ಕೆ ನಿಲ್ಲಿಸಿ ಎರಡನೆಯದನ್ನು ಪೂರ್ತಿ ಮಾಡುವುದು. ಓದುವಾಗ ಇದು ಚಂದ. ಆದರೆ ನಡೆಸುವವರು ‘ಹಾಕಿ’ ಎಂದು ನಿಲ್ಲಿಸಿದಾಗ ಸಭೆಯ ಕಿವಿಗೆ ಅವರಿನ್ನೂ ಮುಗಿಸಿಲ್ಲ ಎಂದೇ ಅನಿಸುತ್ತದೆ. ಒಂದಿಬ್ಬರು ಆರಂಭಿಸುತ್ತಾರೆ, ಉಳಿದವರು ತಡೆದು ನಿಲ್ಲುತ್ತಾರೆ, ಅಷ್ಟರಲ್ಲಿ ನಡೆಸುವವರೇ ಸಭೆಯ ಸಾಲನ್ನು ಹೇಳಲು ತೊಡಗುತ್ತಾರೆ. ಕನ್ನಡ ಸಭೆಗಳಲ್ಲಿ ಸರದಿ ಓದು ತೊದಲುವ ಜಾಗಗಳನ್ನು ಗುರುತುಹಾಕುತ್ತ ಹೋದರೆ ಅವುಗಳಲ್ಲಿ ಬಹುಪಾಲು ಇಂಥ ಅಪೂರ್ಣ ಕ್ರಿಯೆಯ ಬಳಿಯೇ ಸಿಗುತ್ತವೆ ಎಂದು ನನ್ನ ಅನಿಸಿಕೆ. ‘ಹಾಕಿ’, ‘ಮಾಡುತ್ತ’, ‘ಬಂದಾಗ’, ‘ಆದ್ದರಿಂದ’, ‘ಇರುವುದರಿಂದ’ ಎಂಬ ಬಗೆಯ ರೂಪದಲ್ಲಿ ಸಾಲು ನಿಂತರೆ ಅಲ್ಲಿ ಕತ್ತರಿ ಹಾಕಬಾರದು. ಪೂರ್ಣಕ್ರಿಯೆಯ ಮೇಲೋ, ವಾಕ್ಯವನ್ನು ಮುಗಿಸುವ ನಾಮಪದದ ಮೇಲೋ ನಿಂತರೆ ಮಾತ್ರ ಸರದಿ ಬದಲಾಗಬೇಕು.

ಇದಕ್ಕೆ ಪರಿಹಾರ ಎರಡಿವೆ. ವಾಕ್ಯವನ್ನೇ ತಿದ್ದಿ ‘ಹಾಕಿ’ಯನ್ನು ‘ಹಾಕಿದನು’ ಎಂದು ಮಾಡುವುದು ಒಂದು. ಇಲ್ಲವಾದರೆ ಕತ್ತರಿಯನ್ನು ಸರಿಸಿ ವಚನವನ್ನು ಇಡಿಯಾಗಿ ಒಂದೇ ಬಾಯಿಗೆ ಕೊಡುವುದು. ಸಭೆ ಒಪ್ಪಿಕೊಂಡ ಬೈಬಲ್ ಪಠ್ಯವನ್ನು ಆರಾಧನೆಯ ಹಾಳೆಗಾಗಿ ತಿದ್ದುವುದಕ್ಕೆ ಹಲವರು ಒಪ್ಪುವುದಿಲ್ಲ, ಅವರ ಹಿಂಜರಿಕೆಗೆ ಅರ್ಥವೂ ಇದೆ. ಬಾಯಿಪಾಠವಾಗಿರುವ ಹಿರಿಯರು ಹಳೆಯ ಮಾತನ್ನೇ ಹೇಳುತ್ತಾರೆ, ತಿದ್ದಿದ ಸಾಲು ಅವರ ದನಿಯೊಂದಿಗೆ ಡಿಕ್ಕಿಹೊಡೆಯುತ್ತದೆ. ಆದ್ದರಿಂದ ಕತ್ತರಿ ಸರಿಸುವುದೇ ಮೇಲು. ಈ ಕೀರ್ತನೆಯಲ್ಲಿ ಮೊದಲ ವಚನ ಪೂರ್ತಿಯಾಗಿ ನಡೆಸುವವರಿಗೆ, ಎರಡನೆಯದು ಪೂರ್ತಿಯಾಗಿ ಸಭೆಗೆ. ಘೋಷಣೆ ಒಬ್ಬರಿಂದ, ಅದಕ್ಕೆ ಕಾರಣ ಎಲ್ಲರಿಂದ. ಇಲ್ಲಿ ಬೆಸ-ಸಮ ಪದ್ಧತಿಯೂ ಇದನ್ನೇ ಕೊಡುತ್ತದೆ, ಅದು ಕಾಕತಾಳೀಯ.

ಪ್ರಶ್ನೆಗಳ ವಿಷಯದಲ್ಲಿ ಕನ್ನಡ ನಮ್ಮ ಕೈಹಿಡಿಯುತ್ತದೆ. ಹೀಬ್ರೂವಿನಲ್ಲಿ ಪ್ರಶ್ನೆಯ ಪದ ವಾಕ್ಯದ ಮೊದಲಿಗೇ ಬರುತ್ತದೆ. ಕನ್ನಡದಲ್ಲಿ ‘ಯಾರು’ ಎಂಬುದನ್ನು ಕೊನೆಗೆ ತಂದು ನಿಲ್ಲಿಸುವುದು ಸಹಜ. ಕಾದು ಕುಳಿತ ಗುಂಪಿಗೆ ಇದಕ್ಕಿಂತ ಒಳ್ಳೆಯ ಸೂಚನೆ ಬೇಡ. ಆ ಪದ ಕಿವಿಗೆ ಬಿದ್ದೊಡನೆ ನಮ್ಮ ಸರದಿ ಎಂದು ಯಾರೂ ಹೇಳಿಕೊಡದೆ ತಿಳಿಯುತ್ತದೆ. ಎಂಟು ಮತ್ತು ಹತ್ತನೆಯ ವಚನಗಳ ಪ್ರಶ್ನೆ ನಡೆಸುವವರ ಬಾಯಲ್ಲಿದ್ದರೆ ಉತ್ತರ ತಡವಾಗುವುದೇ ಇಲ್ಲ.

ಮೂರನೆಯ ವಚನದ ಪ್ರಶ್ನೆ ಹೊರಗಿನವರದು, ಹೊರಗಿನವರ ಜಾಗದಲ್ಲಿ ನಿಲ್ಲುವುದು ಸಭೆ; ಆದ್ದರಿಂದ ಆ ವಚನ ಸಭೆಯದು. ಎರಡನೆಯ ಮತ್ತು ಮೂರನೆಯ ವಚನಗಳೆರಡನ್ನೂ ಸಭೆಗೇ ಕೊಟ್ಟಾಗ ಎರಡನೆಯದರ ಕಾರಣ ಮುಗಿದ ಕೂಡಲೇ ಅವರೇ ಪ್ರಶ್ನೆ ಕೇಳಬೇಕಾಗುತ್ತದೆ. ಸರದಿ ಬದಲಾಗದೆ ಭಾವ ಬದಲಾಗುವ ಇಂಥ ಜಾಗದಲ್ಲಿ ಜನ ಸೀದಾ ಓದಿಕೊಂಡು ಹೋಗುತ್ತಾರೆ. ನಾನು ಸೂಚಿಸುವುದು ಹೀಗೆ: ಎರಡು ಮತ್ತು ಮೂರರ ನಡುವೆ ಹಾಳೆಯಲ್ಲಿ ಒಂದು ಸಾಲು ಖಾಲಿ ಬಿಡುವುದು, ಮೂರನೆಯದರ ಎರಡು ಪ್ರಶ್ನೆಗಳನ್ನು ಎರಡು ಸಾಲಿನಲ್ಲಿ ಅಚ್ಚುಮಾಡಿ ಮೊದಲನೆಯದನ್ನು ಸಭೆಯ ಒಂದು ಬದಿಗೆ, ಎರಡನೆಯದನ್ನು ಇನ್ನೊಂದು ಬದಿಗೆ ಕೊಡುವುದು. ಬದಿಗಳನ್ನು ಒಡೆಯಲು ಆಗದ ಚಿಕ್ಕ ಸಭೆಯಾದರೆ ಖಾಲಿ ಸಾಲೇ ಸಾಕು. ನಾಲ್ಕು ಮತ್ತು ಐದು ಒಟ್ಟಾಗಿ ನಡೆಸುವವರದು. ಇದು ಉದ್ದವಾಯಿತು, ಸಭೆ ಸುಮ್ಮನೆ ನಿಲ್ಲಬೇಕಾಗುತ್ತದೆ ಎಂಬ ಆಕ್ಷೇಪ ಬರಬಹುದು. ಬರಲಿ. ಕೇಳಿದ ಪ್ರಶ್ನೆಗೆ ಉತ್ತರ ಬರುವಾಗ ಸುಮ್ಮನೆ ನಿಲ್ಲುವುದೇ ಕೇಳಿದವರ ಪಾಲು. ಪ್ರತಿ ಸಾಲಿಗೂ ಸಭೆಗೆ ಏನಾದರೂ ಹೇಳಲು ಕೊಡಲೇಬೇಕು ಎಂಬ ಹಟದಿಂದಲೇ ಎಷ್ಟೋ ಹಂಚಿಕೆಗಳು ಕೆಡುತ್ತವೆ.

ಆರನೆಯ ವಚನ ನಿಜವಾಗಿ ಕಠಿಣ. ಅದರ ಮೊದಲ ಅರ್ಧ, ದೇವರನ್ನು ಅರಸುವವರ ಪೀಳಿಗೆ ಇದೇ ಎಂದು ಯಾರನ್ನೋ ತೋರಿಸುತ್ತದೆ. ಯಾಜಕ ಜನರನ್ನು ತೋರಿಸಿ ಹೇಳುತ್ತಿದ್ದಾನೆಯೇ, ಜನ ತಮ್ಮನ್ನೇ ತೋರಿಸಿಕೊಂಡು ಹೇಳುತ್ತಿದ್ದಾರೆಯೇ? ಎರಡನೆಯ ಅರ್ಧದಲ್ಲಿ ಮಾತು ಇದ್ದಕ್ಕಿದ್ದಂತೆ ‘ನಿನ್ನ’ ಎಂದು ತಿರುಗುತ್ತದೆ, ಹೀಬ್ರೂ ಪಠ್ಯದಲ್ಲಿ ಅದರ ಬಳಿಕ ಯಾಕೋಬನ ಹೆಸರು ಮಾತ್ರ ಇದೆ. ಗ್ರೀಕ್ ಅನುವಾದ ಅದನ್ನು ಯಾಕೋಬನ ದೇವರು ಎಂದು ಓದಿ ಬಿಕ್ಕಟ್ಟನ್ನು ಸಡಿಲಿಸಿತು. ದೇವರನ್ನೇ ನೇರವಾಗಿ ಕರೆಯುವ ಮಾತಾದರೆ ಅದು ಜನರ ಬಾಯಿಗೆ ಹೊಂದುತ್ತದೆ. ಆದರೆ ನಾವೇ ಆ ಶುದ್ಧರ ಪೀಳಿಗೆ ಎಂದು ಸಭೆ ತನ್ನನ್ನು ತಾನೇ ಹೊಗಳಿಕೊಂಡಂತೆ ಕೇಳಿಸುವುದು ನಾಲ್ಕನೆಯ ವಚನದ ಕಠಿಣ ಪಟ್ಟಿಯ ಬೆನ್ನಿಗೇ ಅಷ್ಟು ಸರಿಹೋಗದು. ಆದ್ದರಿಂದ ನಾನು ಆರನ್ನೂ ನಡೆಸುವವರ ಬಳಿಯೇ ಉಳಿಸುತ್ತೇನೆ. ಇದಕ್ಕೆ ಎದುರಾದ ತೀರ್ಮಾನ ಮಾಡುವವರಿಗೂ ಆಧಾರವಿದೆ. ಅವರು ಮೊದಲರ್ಧವನ್ನು ನಡೆಸುವವರಿಗೂ ಎರಡನೆಯದನ್ನು ಸಭೆಗೂ ಕೊಡಬಹುದು, ಆದರೆ ತಮ್ಮ ಕೈಯಲ್ಲಿರುವ ಕನ್ನಡ ಪಠ್ಯದಲ್ಲಿ ಮೊದಲರ್ಧ ಪೂರ್ಣವಾಗಿ ನಿಲ್ಲುತ್ತದೆಯೇ ಎಂದು ನೋಡಿಕೊಂಡ ಮೇಲೆ.

ಅಲ್ಲಿ ಬರುವ ‘ಸೆಲಾ’ವನ್ನು ಗಟ್ಟಿಯಾಗಿ ಓದುವುದು ಬೇಡ. ಕೀರ್ತನೆಗಳಲ್ಲಿ ಅದು 71 ಸಲ ಬರುತ್ತದೆ, ಅದರ ಅರ್ಥ ಇಂದಿಗೂ ತೀರ್ಮಾನವಾಗಿಲ್ಲ. ಹಾಡಿನ ನಡುವಿನ ಸೂಚನೆ ಎನ್ನುವುದಷ್ಟೇ ಹೆಚ್ಚಿನವರು ಒಪ್ಪುವ ಮಾತು. ನಮ್ಮ ಕೀರ್ತನೆಯಲ್ಲಿ ಅದು ಆರನೆಯ ಮತ್ತು ಹತ್ತನೆಯ ವಚನಗಳ ಕೊನೆಯಲ್ಲಿದೆ, ಅಂದರೆ ಒಂದೊಂದು ದೃಶ್ಯ ಮುಗಿಯುವ ಜಾಗದಲ್ಲೇ. ಅದನ್ನು ಮೌನವಾಗಿ ಓದಿಕೊಳ್ಳುವುದು ಒಳ್ಳೆಯದು: ಸಭೆ ಎರಡು ಮೂರು ಉಸಿರಿನಷ್ಟು ಹೊತ್ತು ನಿಲ್ಲಲಿ. ಈ ನಿಲುಗಡೆ ಇಲ್ಲದಿದ್ದರೆ ಪಾತ್ರಗಳು ಅದಲುಬದಲಾದದ್ದು ಯಾರಿಗೂ ತಿಳಿಯುವುದಿಲ್ಲ.

ಏಳನೆಯದು ಸಭೆಯದು. ಎಂಟರ ಪ್ರಶ್ನೆ ನಡೆಸುವವರದು, ಉತ್ತರ ಸಭೆಯದು. ಒಂಬತ್ತು ಮತ್ತೆ ಆಜ್ಞೆ, ಅದೂ ಸಭೆಯದೇ. ಇಲ್ಲಿ ಎಂಟರ ಉತ್ತರ ಮತ್ತು ಒಂಬತ್ತರ ಆಜ್ಞೆ ಒಂದರ ಬೆನ್ನಿಗೆ ಒಂದು ಸಭೆಯ ಪಾಲಿಗೆ ಬೀಳುತ್ತವೆ. ಹೀಗಾಗಬಾರದೆಂದು ಕೆಲವು ಹಂಚಿಕೆಗಳಲ್ಲಿ ಆಜ್ಞೆಗಳನ್ನು ನಡೆಸುವವರಿಗೂ ಪ್ರಶ್ನೆಗಳನ್ನು ಸಭೆಗೂ ಉತ್ತರಗಳನ್ನು ಮತ್ತೆ ನಡೆಸುವವರಿಗೂ ಕೊಡುತ್ತಾರೆ. ಓದು ನುಣ್ಣಗೆ ಸಾಗುತ್ತದೆ, ಒಪ್ಪುತ್ತೇನೆ. ಆದರೆ ಆಗ ಬರುತ್ತಿರುವ ಅರಸ ಯಾರೆಂದು ಎರಡು ಸಲ ಕೇಳುವವರು ಇಡೀ ಸಭೆ, ಗೊತ್ತಿರುವವರು ಒಬ್ಬರೇ. ಕೀರ್ತನೆ ಜನರಿಗೆ ಕೊಟ್ಟ ಘೋಷಣೆಯನ್ನು ಕಸಿದುಕೊಂಡಂತಾಯಿತು. ಗಾಯಕರ ತಂಡವಿದ್ದರೆ ಸಮಸ್ಯೆ ಬಗೆಹರಿಯುತ್ತದೆ: ಆಜ್ಞೆ ತಂಡದ್ದು, ಪ್ರಶ್ನೆ ನಡೆಸುವವರದ್ದು, ಉತ್ತರ ಸಭೆಯದ್ದು. ತಂಡವಿಲ್ಲದ ಕಡೆ ಸಭೆಯೇ ಎರಡನ್ನೂ ಹೇಳಲಿ, ನಡುವೆ ಹಾಳೆಯಲ್ಲಿ ಖಾಲಿ ಸಾಲಿರಲಿ. ನಡೆಸುವವರು ಆ ಜಾಗದಲ್ಲಿ ಏನೂ ಹೇಳದೆ ಕೈಯೆತ್ತಿ ಆರಂಭದ ಸೂಚನೆ ಕೊಡಲಿ.

ಒಂಬತ್ತು ಏಳರ ಪಡಿಯಚ್ಚಲ್ಲ ಎಂಬುದನ್ನು ಹಾಳೆ ಸಿದ್ಧಪಡಿಸುವವರು ನೆನಪಿಡಬೇಕು. ಹೀಬ್ರೂವಿನಲ್ಲಿ ಎರಡನೆಯ ಆಜ್ಞೆಯ ಒಂದು ಕ್ರಿಯಾರೂಪ ಬೇರೆ. ಹತ್ತರ ಪ್ರಶ್ನೆ ಎಂಟರದಕ್ಕಿಂತ ತುಸು ಉದ್ದ, ಉತ್ತರವೂ ಬೇರೆ. ಮೊದಲ ಸಲ ಯುದ್ಧದಲ್ಲಿ ಪರಾಕ್ರಮಿ ಎಂಬ ವರ್ಣನೆ ಬಂದರೆ ಎರಡನೆಯ ಸಲ ಸೇನೆಗಳ ಒಡೆಯ ಎಂಬ ಬಿರುದು ಬರುತ್ತದೆ. ಮೊದಲನೆಯದನ್ನು ನಕಲು ಮಾಡಿ ಎರಡನೆಯ ಜಾಗಕ್ಕೆ ಅಂಟಿಸಿದ ಹಾಳೆಗಳು ಅಪರೂಪವಲ್ಲ. ಸಭೆಯವರು ಹಾಳೆಯಿಂದ ಕಣ್ಣೆತ್ತಿ ನೆನಪಿನಿಂದ ಹೇಳಿದರೂ ಇದೇ ತಪ್ಪಾಗುತ್ತದೆ, ಅರ್ಧ ಸಭೆ ಒಂದು ಉತ್ತರವನ್ನು, ಉಳಿದರ್ಧ ಇನ್ನೊಂದನ್ನು ಹೇಳುತ್ತದೆ. ಹತ್ತರ ಉತ್ತರವನ್ನು ನಡೆಸುವವರೂ ಸೇರಿ ಎಲ್ಲರೂ ಹೇಳುವಂತೆ ಗುರುತುಮಾಡಿದರೆ ಈ ಎಡವಟ್ಟು ತಪ್ಪುತ್ತದೆ. ದ್ವಾರಪಾಲಕನೂ ಆ ಹೊತ್ತಿಗೆ ಬಾಗಿಲು ತೆರೆದಿರುತ್ತಾನೆ ಎಂದು ಬೇಕಾದರೆ ಸಮರ್ಥಿಸಿಕೊಳ್ಳಬಹುದು.

ಸಿದ್ಧವಾದ ಹಂಚಿಕೆಯನ್ನು ಭಾನುವಾರಕ್ಕೆ ಮೊದಲು ಐದಾರು ಜನರನ್ನು ಕೂರಿಸಿ ಗಟ್ಟಿಯಾಗಿ ಓದಿಸಬೇಕು. ಅವರಲ್ಲಿ ಒಬ್ಬಿಬ್ಬರಾದರೂ ನಿಧಾನವಾಗಿ ಓದುವವರಿರಲಿ. ಗುಂಪಿನ ಓದು ಒಡೆಯುವ ಜಾಗಗಳು ಆಗಲೇ ಬಯಲಾಗುತ್ತವೆ. ಸಭೆಯ ಒಂದು ಸಾಲು ಸುಮಾರು ಇಪ್ಪತ್ತು ಅಕ್ಷರ ದಾಟಿದರೆ ಉಸಿರು ಬೇರೆಬೇರೆ ಕಡೆ ನಿಲ್ಲತೊಡಗುತ್ತದೆ. ಅಂಥಲ್ಲಿ ಅರ್ಥ ಮುರಿಯುವ ಕಡೆಯೇ ಸಾಲನ್ನೂ ಮುರಿದು ಅಚ್ಚುಮಾಡಬೇಕು, ಹಾಳೆಯ ಅಗಲ ನೋಡಿ ಅಲ್ಲ. ಸಂಧಿಯಾಗಿ ಉದ್ದವಾದ ಪದವೊಂದು ಸಾಲಿನ ಮೊದಲಲ್ಲೇ ಇದ್ದರೆ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ.

ಎಲ್ಲರೂ ಅವರವರ ಬೈಬಲಿನಿಂದ ಓದಲಿ ಎನ್ನುವುದು ಈಗ ನಡೆಯದ ಮಾತು. ಒಬ್ಬರ ಕೈಯಲ್ಲಿರುವ ಆವೃತ್ತಿ ‘ಯೆಹೋವ’ ಎನ್ನುತ್ತದೆ, ಪಕ್ಕದವರದು ‘ಕರ್ತ’ ಅಥವಾ ‘ಪ್ರಭು’ ಎನ್ನುತ್ತದೆ. ಎಂಟನೆಯ ವಚನದ ಉತ್ತರ ಆ ಹೆಸರಿನ ಮೇಲೆಯೇ ನಿಂತಿರುವುದರಿಂದ ಸಭೆಯ ಅತಿ ಮುಖ್ಯ ಸಾಲೇ ಗೊಂದಲವಾಗುತ್ತದೆ. ಆದ್ದರಿಂದ ಅಚ್ಚಿನ ಹಾಳೆ ಅಥವಾ ಪರದೆ ಬೇಕೇಬೇಕು. ಇಂಗ್ಲಿಷ್ ಸ್ತೋತ್ರಪುಸ್ತಕಗಳನ್ನು ನೋಡಿ ಸಭೆಯ ಸಾಲುಗಳನ್ನು ದಪ್ಪಕ್ಷರದಲ್ಲಿ ಹಾಕುವುದು ನಮ್ಮಲ್ಲೂ ರೂಢಿಯಾಗಿದೆ. ಕನ್ನಡದ ಒತ್ತಕ್ಷರಗಳು ಸಣ್ಣ ಅಳತೆಯ ದಪ್ಪಕ್ಷರದಲ್ಲಿ, ಅದರಲ್ಲೂ ಜೆರಾಕ್ಸ್ ಪ್ರತಿಯಲ್ಲಿ, ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ವಯಸ್ಸಾದವರಿಗೆ ಓದಲಾಗದ್ದು ಸಭೆಯ ಸಾಲೇ ಆಗಿಬಿಡುತ್ತದೆ. ಸಭೆಯ ಸಾಲುಗಳನ್ನು ಸಾಮಾನ್ಯ ಅಕ್ಷರದಲ್ಲೇ ಇಟ್ಟು ಒಳಕ್ಕೆ ಸರಿಸಿ, ಎಡಕ್ಕೆ ‘ಸಭೆ’ ಎಂದು ಬರೆದರೆ ಸಾಕು. ಇನ್ನು ಮೈಕು: ಸಭೆಯ ಸಾಲುಗಳನ್ನು ನಡೆಸುವವರು ಮೈಕಿನಲ್ಲಿ ಜೊತೆಗೂಡಿ ಓದಿದರೆ ಕೇಳಿಸುವುದು ಅವರ ದನಿ ಮಾತ್ರ. ಎಂಟರ ಉತ್ತರದ ಹೊತ್ತಿಗೆ ಅವರು ಮೈಕಿನಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದಿರಬೇಕು. ಸಾಧ್ಯವಿರುವ ಕಡೆ, ಏಳರಿಂದ ಮುಂದಕ್ಕೆ ಪ್ರಶ್ನೆ ಕೇಳುವವರು ವೇದಿಯ ಬಳಿಯೇ ನಿಂತಿದ್ದು ಏಳನೆಯ ವಚನವನ್ನು ಆರಂಭಿಸಿಕೊಡುವ ಒಬ್ಬರು ಹಿಂದಿನ ಬಾಗಿಲ ಹತ್ತಿರ ನಿಲ್ಲುವುದು ಉಪಯುಕ್ತ. ಆಗ ಸಭೆ ಯಾವ ಕಡೆಯ ದನಿ ಎಂಬುದನ್ನು ವಿವರಿಸಬೇಕಾಗುವುದಿಲ್ಲ.